ಕೈಬರಹದ ಬಯೋಡೇಟಾ, ಯಂತ್ರದ ಓದು: ತಾರೀಕು ತಪ್ಪಿದ್ದು ಯಾರದ್ದು?

ಕಾರ್ಖಾನೆ ಕೆಲಸಕ್ಕೆ ಬರುವ ಅರ್ಜಿಗಳಲ್ಲಿ ಇವತ್ತಿಗೂ ಒಂದು ದೊಡ್ಡ ಪಾಲು ಕೈಬರಹದ್ದೇ. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಅಚ್ಚಾದ ಬಯೋಡೇಟಾ ಫಾರಂ, ಇಲ್ಲವೇ ಗೆರೆ ಎಳೆದ ಬಿಳಿ ಹಾಳೆ. ಮೇಲೆ ಫೋಟೋ, ಕೆಳಗೆ ‘ಈ ಮೇಲಿನ ಮಾಹಿತಿ ಸತ್ಯ’ ಅನ್ನೋ ಒಂದು ಸಾಲು, ಸಹಿ. ಉದ್ಯೋಗ ಮೇಳದ ಮೇಜಿನ ಮೇಲೆ, ಪೀಣ್ಯದ ಗೇಟಿನ ಸೆಕ್ಯುರಿಟಿ ಕೌಂಟರ್‌ನಲ್ಲಿ, ಕಾಂಟ್ರಾಕ್ಟರ್ ಆಫೀಸಿನಲ್ಲಿ ಇಂಥ ಹಾಳೆಗಳ ಕಟ್ಟು ಬೀಳುತ್ತಲೇ ಇರುತ್ತದೆ.

ಮೊದಲು ಇದನ್ನು ಡೇಟಾ ಎಂಟ್ರಿಯವರು ಎಕ್ಸೆಲ್‌ಗೆ ಹಾಕುತ್ತಿದ್ದರು. ಈಗ ಹಾಳೆಯನ್ನು ಸ್ಕ್ಯಾನ್ ಮಾಡಿ, ಎಐ ತಂತ್ರಾಂಶಕ್ಕೆ ಕೊಟ್ಟು, ಹೆಸರು, ಓದು, ಅನುಭವ ಎಲ್ಲವನ್ನೂ ಕಾಲಂ ಕಾಲಂ ಆಗಿ ತೆಗೆಯುವುದು ಶುರುವಾಗಿದೆ. ಅದರ ಜೊತೆಗೇ ಇನ್ನೊಂದು ಕೆಲಸವನ್ನೂ ಅಂಟಿಸುತ್ತಾರೆ: ಓದಿದ ವರ್ಷ, ಕೆಲಸ ಮಾಡಿದ ವರ್ಷ ಒಂದಕ್ಕೊಂದು ಹೊಂದುತ್ತವಾ ಅಂತ ನೋಡುವುದು. ಹೊಂದದಿದ್ದರೆ ಕೆಂಪು ಗುರುತು.

ಕೇಳೋಕೆ ಸರಳ. ಆದರೆ ಆ ಕೆಂಪು ಗುರುತು ಯಾರ ತಪ್ಪನ್ನು ತೋರಿಸುತ್ತಿದೆ? ಬರೆದವನದ್ದೋ, ಓದಿದ ಯಂತ್ರದ್ದೋ, ನಿಯಮ ಮಾಡಿದವರದ್ದೋ? ಬಹಳಷ್ಟು ಕಡೆ ಈ ಮೂರನ್ನೂ ಒಂದೇ ಬುಟ್ಟಿಗೆ ಹಾಕುತ್ತಾರೆ. ಅನುಮಾನ ಮಾತ್ರ ಅರ್ಜಿದಾರನ ಮೇಲೆ ಬೀಳುತ್ತದೆ. ನನ್ನ ತಕರಾರು ಅಲ್ಲೇ.

ಮೊದಲು ಒಂದು ಲೆಕ್ಕ ನೋಡೋಣ. ಒಂದು ಬಯೋಡೇಟಾದಲ್ಲಿ ಹನ್ನೆರಡು ತಾರೀಕುಗಳಿವೆ ಅಂದುಕೊಳ್ಳಿ. ಹುಟ್ಟಿದ ದಿನ, ಎಸ್ಸೆಸ್ಸೆಲ್ಸಿ, ಐಟಿಐ ಶುರು ಮತ್ತು ಕೊನೆ, ಮೂರು ಕೆಲಸಗಳ ಸೇರಿದ್ದು ಮತ್ತು ಬಿಟ್ಟಿದ್ದು, ಹೀಗೆ. ಒಟ್ಟು ಸುಮಾರು 60 ಅಂಕಿಗಳು. ಯಂತ್ರ ಪ್ರತಿ ಅಂಕಿಯನ್ನೂ 99% ಸರಿಯಾಗಿ ಓದುತ್ತದೆ ಅಂತ ಮಾರಾಟಗಾರ ಹೇಳುತ್ತಾನೆ. ಕೇಳಿದವರಿಗೆ ಖುಷಿ. ಆದರೆ 60 ಅಂಕಿಗಳೂ ಒಟ್ಟಿಗೆ ಸರಿಯಾಗಿರುವ ಸಾಧ್ಯತೆ 0.99ರ 60ನೇ ಘಾತ, ಅಂದರೆ ಸುಮಾರು 55%. ನೂರು ಹಾಳೆಗಳಲ್ಲಿ ನಲವತ್ತೈದರಲ್ಲಿ ಕನಿಷ್ಠ ಒಂದು ಅಂಕಿ ತಪ್ಪಿರುತ್ತದೆ. ಕೈಬರಹದಲ್ಲಿ ತಪ್ಪುಗಳು ಹೀಗೆ ಸಮನಾಗಿ ಹಂಚಿಕೊಂಡಿರುವುದಿಲ್ಲ. ಕೆಟ್ಟ ಅಕ್ಷರದ ಒಂದೇ ಹಾಳೆಯಲ್ಲಿ ಐದು ತಪ್ಪು ಇರಬಹುದು, ಮುತ್ತಿನಂಥ ಅಕ್ಷರದ ಹತ್ತು ಹಾಳೆಗಳಲ್ಲಿ ಒಂದೂ ಇಲ್ಲದಿರಬಹುದು. ಆದರೂ ಲೆಕ್ಕ ಹೇಳುವ ಮಾತು ನಿಜ: ‘99%’ ಅನ್ನೋದು ಅಂಕಿಯ ಮಟ್ಟದ ಮಾತು, ಹಾಳೆಯ ಮಟ್ಟದ್ದಲ್ಲ.

ಪದ ತಪ್ಪಾದರೆ ಸುತ್ತಲಿನ ಪದ ನೋಡಿ ಸರಿಮಾಡಬಹುದು. ‘ಫಿಟ್ಟರ’ ಅಂತ ಓದಿದರೂ ಫಿಟ್ಟರ್ ಅಂತ ಗೊತ್ತಾಗುತ್ತದೆ. ಆಧಾರ್ ಸಂಖ್ಯೆಯಲ್ಲಿ ಕೊನೆಯ ಅಂಕಿ ಉಳಿದ ಹನ್ನೊಂದರಿಂದ ಲೆಕ್ಕ ಹಾಕಿ ಬಂದದ್ದು, ಒಂದು ಅಂಕಿ ತಪ್ಪಿದರೆ ಲೆಕ್ಕ ಕೂಡುವುದಿಲ್ಲ. ತಾರೀಕಿಗೆ ಅಂಥ ಕಾವಲು ಇಲ್ಲ. 2016 ಎಷ್ಟು ಸರಿಯಾದ ವರ್ಷವೋ 2018 ಕೂಡ ಅಷ್ಟೇ ಸರಿಯಾದ ವರ್ಷ. ಆರನ್ನು ಎಂಟು ಅಂತ ಓದಿದರೆ ಯಾವ ಗಂಟೆಯೂ ಬಾರಿಸುವುದಿಲ್ಲ. ಕನ್ನಡ ಅಂಕಿಯಲ್ಲಿ ಬರೆದವರ ಹಾಳೆಯಲ್ಲಿ ೬ ಮತ್ತು ೯ರ ಗೊಂದಲ ಬೇರೆ.

ಈಗ ಒಂದು ಹಾಳೆಯನ್ನೇ ತೆಗೆದುಕೊಳ್ಳೋಣ. ವ್ಯಕ್ತಿ ಕಲ್ಪಿತ, ಹಾಳೆ ಮಾತ್ರ ಈ ಕೆಲಸದಲ್ಲಿರುವ ಯಾರಿಗಾದರೂ ಪರಿಚಿತ. ಹುಟ್ಟಿದ ದಿನ 1-6-2001. ಎಸ್ಸೆಸ್ಸೆಲ್ಸಿ 2017. ಐಟಿಐ ಫಿಟ್ಟರ್ 2017–19. ಅಪ್ರೆಂಟಿಸ್ 2019–20. ಪೀಣ್ಯದ ಒಂದು ಕಂಪನಿಯಲ್ಲಿ ಸಿಎನ್‌ಸಿ ಆಪರೇಟರ್, 8/20ರಿಂದ 3/21. ಇನ್ನೊಂದು ಕಂಪನಿಯಲ್ಲಿ 6/21ರಿಂದ ‘till date’. ಒಟ್ಟು ಅನುಭವ 5 ವರ್ಷ. ವಿಳಾಸದಲ್ಲಿ ಪಿನ್ ಕೋಡ್ 560058. ಕೆಳಗೆ ತಾರೀಕು 10-2-2025.

ಯಂತ್ರ ಇದನ್ನು ಓದಿತು. ಒಂದೇ ಒಂದು ಅಂಕಿ ತಪ್ಪಿತು: 3/21 ಇದ್ದದ್ದನ್ನು 8/21 ಅಂತ ಓದಿತು. ಈಗ ಮೊದಲ ಕೆಲಸ 2021ರ ಆಗಸ್ಟ್‌ವರೆಗೆ, ಎರಡನೆಯದು ಜೂನ್‌ನಿಂದ. ಮೂರು ತಿಂಗಳು ಎರಡೂ ಕಡೆ ಕೆಲಸ! ಕೆಂಪು ಗುರುತು ಬಿತ್ತು. ಎಚ್‌ಆರ್‌ನವರ ಮುಂದೆ 200 ಹಾಳೆಗಳಿದ್ದರೆ ಕೆಂಪು ಇರುವುದನ್ನು ಪಕ್ಕಕ್ಕಿಡುವುದು ಮನುಷ್ಯ ಸಹಜ. ಹುಡುಗನಿಗೆ ಫೋನ್ ಹೋಗುವುದೇ ಇಲ್ಲ.

ಇದು ಕೆಟ್ಟದ್ದು. ಆದರೆ ಇದಕ್ಕಿಂತ ಕೆಟ್ಟದ್ದೊಂದಿದೆ. ಇಡೀ ಹಾಳೆಯನ್ನು ಒಟ್ಟಿಗೆ ನೋಡಿ ಓದುವ ಎಐ ಮಾದರಿಗಳು ಅಕ್ಷರವನ್ನಷ್ಟೇ ಓದುವುದಿಲ್ಲ. ಸುತ್ತಲಿನ ಸಂದರ್ಭಕ್ಕೆ ಯಾವುದು ಸರಿಹೊಂದುತ್ತದೋ ಅದರ ಕಡೆ ವಾಲುತ್ತವೆ. ‘ತಾರೀಕುಗಳು ಹೊಂದುವ ಹಾಗೆ ಪ್ರೊಫೈಲ್ ತಯಾರಿಸು’ ಅಂತ ಒಂದೇ ಉಸಿರಿನಲ್ಲಿ ಹೇಳಿಬಿಟ್ಟರೆ ಆ ವಾಲಿಕೆ ಇನ್ನೂ ಜಾಸ್ತಿ. ಮೊದಲ ಕೆಲಸ 8/21ಕ್ಕೆ ಮುಗಿಯಿತು ಅಂತ ಓದಿದ ಮೇಲೆ, ಎರಡನೇ ಕೆಲಸದ ಅಸ್ಪಷ್ಟ 6 ಕೂಡ 8 ಆಗಿ ಕಾಣಬಹುದು. ಆಗಸ್ಟ್‌ನಲ್ಲಿ ಬಿಟ್ಟ, ಆಗಸ್ಟ್‌ನಲ್ಲಿ ಸೇರಿದ. ಎಷ್ಟು ನೀಟಾಗಿದೆ! ಕೆಂಪು ಗುರುತಿಲ್ಲ, ಎಲ್ಲ ಹಸಿರು. ಎರಡು ಅಂಕಿ ತಪ್ಪಿದೆ, ಯಾರಿಗೂ ಗೊತ್ತಾಗಲಿಲ್ಲ.

ಆಮೇಲೆ ಆಗುವುದನ್ನು ನೋಡಿ. ಕೆಲಸ ಸಿಗುತ್ತದೆ. ಮೂರು ತಿಂಗಳ ನಂತರ ಹಿನ್ನೆಲೆ ಪರಿಶೀಲನೆ. ಪಿಎಫ್ ದಾಖಲೆಯಲ್ಲಿ ಮೊದಲ ಕಂಪನಿ ಬಿಟ್ಟದ್ದು 2021ರ ಮಾರ್ಚ್ ಅಂತಿದೆ. ಪ್ರೊಫೈಲ್‌ನಲ್ಲಿ ಆಗಸ್ಟ್. ‘ಐದು ತಿಂಗಳು ಸುಳ್ಳು ಅನುಭವ ತೋರಿಸಿದ್ದಾನೆ.’ ಅವನು ಬರೆದದ್ದು ಮಾರ್ಚ್ ಅಂತಲೇ. ಆದರೆ ಹಾಳೆ ಅಷ್ಟೊತ್ತಿಗೆ ರದ್ದಿಗೆ ಹೋಗಿರುತ್ತದೆ.

ಹಾಗಾಗಿ ಓದುವುದು ಬೇರೆ, ಹೊಂದಾಣಿಕೆ ನೋಡುವುದು ಬೇರೆ ಆಗಿರಬೇಕು. ಓದುವ ಹಂತದಲ್ಲಿ ಯಂತ್ರಕ್ಕೆ ಉಳಿದ ತಾರೀಕುಗಳು ಕಾಣಬಾರದು. ಅಚ್ಚಾದ ಫಾರಂ ಆದರೆ ಇದು ಸುಲಭ. ಖಾಲಿ ಫಾರಂನ ಚಿತ್ರದ ಮೇಲೆ ತುಂಬಿದ ಫಾರಂ ಅನ್ನು ಕೂರಿಸಿ, ಪ್ರತಿ ಚೌಕವನ್ನೂ ಬೇರೆ ತುಣುಕಾಗಿ ಕತ್ತರಿಸಿ, ಒಂದೊಂದಾಗಿ ಓದಿಸಬಹುದು. ಬಿಳಿ ಹಾಳೆಯ ಬಯೋಡೇಟಾದಲ್ಲಿ ಮೊದಲು ಸಾಲುಗಳನ್ನು ಹುಡುಕಬೇಕು, ಅಲ್ಲಿ ಇನ್ನಷ್ಟು ತೊಂದರೆ. ಮೇಲಿನ ಸಾಲಿನ ವರ್ಷವೇ ಕೆಳಗೂ ಅಂತ ಹೇಳೋಕೆ ಎರಡು ಚಿಕ್ಕ ಗೀಟು ಹಾಕಿರುತ್ತಾರಲ್ಲ, ಅದನ್ನು ಯಂತ್ರ 11 ಅಂತ ಓದಿಬಿಡುತ್ತದೆ. ಹೊಡೆದು ಹಾಕಿದ ವರ್ಷ, ಅದರ ಮೇಲೆ ತಿದ್ದಿ ಬರೆದ ವರ್ಷ, ಪಕ್ಕದಲ್ಲಿ ಬಾಣ ಹಾಕಿ ಸೇರಿಸಿದ ವರ್ಷ, ಇವೆಲ್ಲ ಇದ್ದದ್ದೇ.

ಓದಿದ ಮೇಲೆ ಒಂದೇ ಉತ್ತರ ಇಟ್ಟುಕೊಳ್ಳಬಾರದು. ಅನುಮಾನವಿದ್ದರೆ ಎರಡೂ ಓದುಗಳನ್ನು ಇಡಬೇಕು. ಹಾಳೆಯಲ್ಲಿ ಕಂಡದ್ದು, ಆ ತುಣುಕಿನ ಚಿತ್ರ, ತಾರೀಕು ಎಷ್ಟು ನಿಖರ ಅನ್ನೋದು, ಎಲ್ಲವೂ ಜೊತೆಗಿರಬೇಕು:

```json
{
  "raw": "?/21",
  "readings": ["2021-03", "2021-08"],
  "precision": "month",
  "crop": "p1_row5_to.png",
  "status": "ask"
}
```

ಇಲ್ಲಿ `precision` ಅನ್ನೋದು ಸಣ್ಣ ವಿಷಯವಲ್ಲ. ಬಯೋಡೇಟಾದಲ್ಲಿ ‘2019–20’ ಅಂತ ಇದ್ದರೆ ಅದು ವರ್ಷದ ಮಟ್ಟದ ಮಾಹಿತಿ. ಬಹಳಷ್ಟು ಡೇಟಾಬೇಸ್‌ಗಳು ದಿನ, ತಿಂಗಳು, ವರ್ಷ ಮೂರೂ ಇಲ್ಲದೆ ಒಪ್ಪುವುದಿಲ್ಲ. ಆಗ ತಂತ್ರಾಂಶ ಸುಮ್ನೆ 1-1-2019 ಅಂತ ತುಂಬಿಬಿಡುತ್ತದೆ. ನಮ್ಮ ಹುಡುಗನ ಐಟಿಐ 31-12-2019ಕ್ಕೆ ಮುಗಿಯಿತು, ಅಪ್ರೆಂಟಿಸ್ 1-1-2019ಕ್ಕೆ ಶುರುವಾಯಿತು ಅಂತಾಗುತ್ತದೆ. ಒಂದು ವರ್ಷ ಎರಡೂ ಒಟ್ಟಿಗೆ! ಇದು ಬರೆದವನ ತಪ್ಪೂ ಅಲ್ಲ, ಓದಿನ ತಪ್ಪೂ ಅಲ್ಲ. ಖಾಲಿ ಜಾಗಕ್ಕೆ ಯಂತ್ರ ತಾನೇ ಹುಟ್ಟಿಸಿದ ತಾರೀಕಿನ ತಪ್ಪು. ತಾರೀಕನ್ನು ಅರ್ಧಂಬರ್ಧ ಗೊತ್ತಿದ್ದ ಹಾಗೆಯೇ ಬರೆದಿಡಲು ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 8601ರ ಎರಡನೇ ಭಾಗದಲ್ಲಿ 2019ರಿಂದಲೇ ವ್ಯವಸ್ಥೆ ಇದೆ. ಬಳಸುವವರು ಕಮ್ಮಿ.

‘till date’ ಕೂಡ ಹಾಗೇ. ಯಾವ ದಿನದವರೆಗೆ? ಹಾಳೆಯನ್ನು ಬರೆದ ದಿನದವರೆಗೆ, ಸ್ಕ್ಯಾನ್ ಮಾಡಿದ ದಿನದವರೆಗಲ್ಲ. ಒಂದು ಸಲ ಚೆನ್ನಾಗಿ ಬರೆದು ಅದನ್ನೇ ಇಪ್ಪತ್ತು ಜೆರಾಕ್ಸ್ ಮಾಡಿಸಿ ವರ್ಷಗಟ್ಟಲೆ ಹಂಚುವವರು ಬೇಕಾದಷ್ಟಿದ್ದಾರೆ. ಕೆಳಗಿನ ತಾರೀಕಿನ ಜಾಗ ಖಾಲಿ ಇರುತ್ತದೆ, ಇಲ್ಲವೇ ಪೆನ್ನಿನಲ್ಲಿ ಬೇರೆ ತಾರೀಕು ಹಾಕಿರುತ್ತಾರೆ. ಕಪ್ಪು ಜೆರಾಕ್ಸ್ ಮೇಲೆ ನೀಲಿ ಶಾಯಿಯ ತಾರೀಕು ಕಂಡರೆ ಅನುಭವದ ಕಾಲಂ ಹಳೆಯದು ಅಂತ ತಿಳಿಯಬೇಕು. ಬಣ್ಣದ ಸ್ಕ್ಯಾನ್ ಮಾಡಿ ಅಂತ ಹೇಳುವುದು ಇದಕ್ಕೇ. ಕಪ್ಪು-ಬಿಳುಪಿನಲ್ಲಿ ಈ ಸುಳಿವು ಮಾಯವಾಗುತ್ತದೆ.

ನಮ್ಮ ಹಾಳೆಗೆ ವಾಪಸ್ ಬರೋಣ. ಆ ಅಂಕಿ 3 ಅಥವಾ 8. ಹೇಗೆ ತೀರ್ಮಾನಿಸುವುದು? ಹಾಳೆಯಲ್ಲೇ ಸಾಕ್ಷಿ ಇದೆ. ಪಿನ್ ಕೋಡ್ 560058 ಪೀಣ್ಯದ್ದು ಅಂತ ವಿಳಾಸದಿಂದ ಗೊತ್ತು, ಹಾಗಾಗಿ ಕೊನೆಯ ಅಂಕಿ ಖಂಡಿತ 8. ಈ ಹುಡುಗ 8 ಬರೆಯುವಾಗ ಮೇಲಿನ ಸುತ್ತನ್ನು ಮುಚ್ಚುತ್ತಾನಾ ಅಂತ ಅಲ್ಲಿ ನೋಡಬಹುದು. ಮುಚ್ಚಿದ್ದಾನೆ. ಅದೇ ಸಾಲಿನ 8/20ರಲ್ಲೂ ಮುಚ್ಚಿದ್ದಾನೆ. ಅನುಮಾನದ ಅಂಕಿಯಲ್ಲಿ ಎಡಗಡೆ ತೆರೆದಿದೆ, ಪೆನ್ನಿನ ಶಾಯಿ ಸ್ವಲ್ಪ ಹರಡಿದೆ ಅಷ್ಟೇ. ಹಾಗಾದರೆ 3. ಹಳೆಯ ಡೇಟಾ ಎಂಟ್ರಿಯವರು ಇದನ್ನು ಯೋಚಿಸದೆಯೇ ಮಾಡುತ್ತಿದ್ದರು, ಅಲ್ವಾ? ಕಣ್ಣು ಮೇಲೆ ಹೋಗಿ ಇನ್ನೊಂದು ಎಂಟನ್ನು ನೋಡಿ ಬರುತ್ತಿತ್ತು. ಈ ಸಾಕ್ಷಿ ಅಕ್ಷರದ ಆಕಾರದ್ದು. ಆಗಸ್ಟ್ ಹೊಂದುವುದಿಲ್ಲ, ಅದಕ್ಕೆ ಮಾರ್ಚ್ ಇರಬೇಕು ಅನ್ನೋ ತರ್ಕ ಇಲ್ಲಿಲ್ಲ. ಆ ತರ್ಕಕ್ಕೆ ಇಳಿದರೆ ನಿಜವಾಗಿ ತಪ್ಪು ಬರೆದವನ ತಪ್ಪನ್ನೂ ನಾವೇ ತಿದ್ದಿ ಮುಚ್ಚಿಬಿಡುತ್ತೇವೆ.

3 ಅಂತ ಒಪ್ಪಿದ ಮೇಲೆ ಎರಡು ಕಡೆ ಕೆಲಸದ ಆರೋಪ ಹೋಯಿತು. ಬದಲಿಗೆ 2021ರ ಏಪ್ರಿಲ್, ಮೇ ಖಾಲಿ. ಕೆಲವು ತಂತ್ರಾಂಶ ಇದಕ್ಕೂ ಗುರುತು ಹಾಕುತ್ತದೆ. ನನ್ನ ಪ್ರಕಾರ ಇದು ಅದೇ ಪಟ್ಟಿಯಲ್ಲಿ ಇರಲೇಬಾರದು. ಎರಡು ತಾರೀಕು ಒಂದಕ್ಕೊಂದು ಅಡ್ಡ ಬಂದರೆ ಅದು ಹೊಂದಾಣಿಕೆಯ ಸಮಸ್ಯೆ. ಎರಡು ಕೆಲಸಗಳ ನಡುವೆ ಯಾರಾದರೂ ಮನೆಯಲ್ಲಿದ್ದರೆ ಅದರಲ್ಲಿ ಹೊಂದದೇ ಇರುವುದು ಏನಿದೆ? ಆ ಎರಡು ತಿಂಗಳು ಕೊರೋನಾ ಎರಡನೇ ಅಲೆಯ ಕಾಲ. ಹೆರಿಗೆಗೆ ಹೋದವರು, ಊರಿನ ಹೊಲಕ್ಕೆ ಹೋದವರು, ಕಾಂಟ್ರಾಕ್ಟ್ ಮುಗಿದು ಮುಂದಿನ ಕರೆಗೆ ಕಾದವರು, ಎಲ್ಲರ ಹಾಳೆಯಲ್ಲೂ ಖಾಲಿ ತಿಂಗಳುಗಳಿರುತ್ತವೆ.

‘ಒಟ್ಟು ಅನುಭವ 5 ವರ್ಷ’ ಅನ್ನೋದನ್ನೂ ಲೆಕ್ಕಕ್ಕೆ ಹಿಡಿಯೋಣ. ಮೊದಲ ಕೆಲಸ 8 ತಿಂಗಳು. ಎರಡನೆಯದು 2025ರ ಫೆಬ್ರವರಿವರೆಗೆ 45 ತಿಂಗಳು. ಒಟ್ಟು 53, ಅಂದರೆ 4 ವರ್ಷ 5 ತಿಂಗಳು. ಒಂದು ವರ್ಷದ ಅಪ್ರೆಂಟಿಸ್ ಸೇರಿಸಿದರೆ 5 ವರ್ಷ 5 ತಿಂಗಳು. ಎರಡೂ ಐದಕ್ಕೆ ಕೂರುವುದಿಲ್ಲ. ಜನ ಈ ಕಾಲಂ ಅನ್ನು ಅಂದಾಜಿನಲ್ಲಿ ತುಂಬುತ್ತಾರೆ. ಕೂಡಿ ಕಳೆದು ಬರೆಯುವವರು ಅಪರೂಪ. ಇದನ್ನು ಹಿಡಿದು ಉಳಿದ ತಾರೀಕು ತಿದ್ದಲು ಹೊರಟರೆ ಕೆಟ್ಟಿತು.

ಮೂರನೇ ಬಗೆಯ ತಪ್ಪು ನಿಯಮ ಮಾಡುವವರದ್ದು, ಇದರ ಬಗ್ಗೆ ಮಾತೇ ಕಮ್ಮಿ. ಸಾಫ್ಟ್‌ವೇರ್ ಬರೆಯುವವರ ಓದಿನ ದಾರಿ ನೇರ: ಹತ್ತನೇ ತರಗತಿ, ಪಿಯುಸಿ, ಡಿಗ್ರಿ, ಕೆಲಸ. ನಿಯಮವೂ ಹಾಗೇ ಬರುತ್ತದೆ. ‘ಎಸ್ಸೆಸ್ಸೆಲ್ಸಿ ಐಟಿಐಗಿಂತ ಮೊದಲಿರಬೇಕು.’ ವೆಲ್ಡರ್ ಟ್ರೇಡಿಗೆ ಎಂಟನೇ ತರಗತಿ ಪಾಸಾಗಿದ್ದರೆ ಸಾಕು. ವೆಲ್ಡರ್ ಆಗಿ, ದುಡಿಯುತ್ತಾ, ಆಮೇಲೆ ಎಸ್ಸೆಸ್ಸೆಲ್ಸಿ ಕಟ್ಟಿ ಪಾಸಾದವನ ಹಾಳೆ ಈ ನಿಯಮಕ್ಕೆ ಅಡ್ಡ. ‘ಓದು ಮತ್ತು ಪೂರ್ಣಾವಧಿ ಕೆಲಸ ಒಟ್ಟಿಗೆ ಇರಬಾರದು.’ ಸಂಜೆ ಕಾಲೇಜು, ದೂರಶಿಕ್ಷಣ ಇರುವುದೇ ಕೆಲಸ ಮಾಡುವವರಿಗೆ. ‘ಡಿಪ್ಲೊಮಾ ಮೂರು ವರ್ಷ ಇರಬೇಕು.’ ಐಟಿಐ ಮುಗಿಸಿದವರು ನೇರವಾಗಿ ಎರಡನೇ ವರ್ಷಕ್ಕೆ ಸೇರಬಹುದು, ಅವರಿಗೆ ಎರಡೇ ವರ್ಷ. ಪರೀಕ್ಷೆಯ ತಿಂಗಳನ್ನು ನಂಬುವ ನಿಯಮವೂ ಹಾಗೇ. 2020ರ ಎಸ್ಸೆಸ್ಸೆಲ್ಸಿ ಪರೀಕ್ಷೆ ಜೂನ್ ಕೊನೆಯಲ್ಲಿ ಶುರುವಾಯಿತು, 2021ರದ್ದು ಜುಲೈನಲ್ಲಿ ಎರಡೇ ದಿನ ನಡೆಯಿತು, ಆ ವರ್ಷ ದ್ವಿತೀಯ ಪಿಯು ರೆಗ್ಯುಲರ್ ವಿದ್ಯಾರ್ಥಿಗಳ ಪರೀಕ್ಷೆ ರದ್ದಾಯಿತು. ‘ಜುಲೈಗೆ ಮುಂಚೆ ಪಾಸಾಗಿರಬೇಕು’ ಅನ್ನೋ ನಿಯಮ ಆ ಎರಡು ಬ್ಯಾಚ್‌ಗಳನ್ನು ಪೂರ್ತಿ ಕೆಂಪು ಮಾಡುತ್ತದೆ.

ಇನ್ನೊಂದು ತಮಾಷೆ. ಜೂನ್ 1ರಂದು ಹುಟ್ಟಿದವರು ನಮ್ಮಲ್ಲಿ ಬಹಳ. ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆ ಶಾಲೆಗೆ ಸೇರಿಸುವಾಗ ಮೇಷ್ಟ್ರು ಕೊಟ್ಟ ದಿನ ಅದು. ನಮ್ಮ ಹುಡುಗನದ್ದೂ ಅದೇ. ಒಂದೇ ತಾರೀಕು ಪದೇ ಪದೇ ಬಂತು ಅಂತ ನಕಲಿ ಅರ್ಜಿ ಹುಡುಕುವ ತಂತ್ರಾಂಶ ಗಾಬರಿಯಾದರೆ ಆಶ್ಚರ್ಯವಿಲ್ಲ.

ಹಾಗಾದರೆ ಸರ್ಕಾರಿ ದಾಖಲೆ ನೋಡಿಬಿಟ್ಟರೆ ಆಯಿತಲ್ಲ? ಕೆಲಸಗಾರ ತನ್ನ ಪಿಎಫ್ ಗುರುತಿನ ಸಂಖ್ಯೆ ಯುಎಎನ್ ಹಾಕಿ ಲಾಗಿನ್ ಆದರೆ ಪಿಎಫ್ ಪೋರ್ಟಲ್‌ನಲ್ಲಿ ಸೇವಾ ವಿವರ ಸಿಗುತ್ತದೆ, ಸೇರಿದ ದಿನ, ಬಿಟ್ಟ ದಿನ ಸಮೇತ. ಉಪಯೋಗಕ್ಕೆ ಬರುತ್ತದೆ, ಆದರೆ ಅದೇ ಅಂತಿಮ ಅಲ್ಲ. ಬಿಟ್ಟ ದಿನವನ್ನು ಕಂಪನಿ ಹಾಕದಿದ್ದರೆ ಅಲ್ಲಿ ಖಾಲಿ ಇರುತ್ತದೆ. ಹೊಸ ಕಂಪನಿ ಸೇರಿದ ಮೇಲೂ ಹಳೆಯದರಲ್ಲಿ ಇದ್ದ ಹಾಗೆ ಕಾಣುತ್ತದೆ. ಕೊನೆಯ ಕಂತು ಬಂದು ಎರಡು ತಿಂಗಳಾದ ಮೇಲೆ ಕೆಲಸಗಾರನೇ ಆ ದಿನ ಹಾಕಬಹುದು, ಆದರೆ ಇದು ಗೊತ್ತಿರುವವರು ಎಷ್ಟು ಜನ? ಅಪ್ರೆಂಟಿಸ್ ಕಾಯ್ದೆಯಡಿ ತರಬೇತಿ ಪಡೆದ ವರ್ಷ ಪಿಎಫ್‌ನಲ್ಲಿ ಬರುವುದಿಲ್ಲ, ಅವರನ್ನು ಪಿಎಫ್ ಲೆಕ್ಕದಲ್ಲಿ ನೌಕರರು ಅಂತ ಹಿಡಿಯುವುದಿಲ್ಲ. ಇಪ್ಪತ್ತು ಜನಕ್ಕಿಂತ ಕಮ್ಮಿ ಇರುವ ವರ್ಕ್‌ಶಾಪ್‌ಗೆ ಸಾಮಾನ್ಯವಾಗಿ ಪಿಎಫ್ ಕಡ್ಡಾಯವಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಹುಡುಗ ತಾನು ದಿನಾ ಹೋಗುತ್ತಿದ್ದ ಕಂಪನಿಯ ಹೆಸರು ಬರೆಯುತ್ತಾನೆ, ಪಿಎಫ್‌ನಲ್ಲಿ ಇರುವುದು ಕಾಂಟ್ರಾಕ್ಟರ್ ಹೆಸರು. ಹೆಸರು ಹೊಂದಲಿಲ್ಲ ಅಂದ ಮಾತ್ರಕ್ಕೆ ಸುಳ್ಳು ಅಂತಲ್ಲ.

ಕೊನೆಗೆ ಉಳಿಯುವುದು ಕೇಳುವುದು. ಹೇಗೆ ಕೇಳುತ್ತೀರಿ ಅನ್ನೋದರ ಮೇಲೆ ಎಲ್ಲ ನಿಂತಿದೆ. ‘ಆಗಸ್ಟ್‌ವರೆಗೂ ಅಲ್ಲೇ ಇದ್ರಾ?’ ಅಂತ ಎಚ್‌ಆರ್ ಕೇಳಿದರೆ ಕೆಲಸ ಬೇಕಾದ ಹುಡುಗ ‘ಹೂಂ ಸರ್’ ಅಂದುಬಿಡುತ್ತಾನೆ. ತಪ್ಪು ಓದಿಗೆ ಅವನದ್ದೇ ಮುದ್ರೆ ಬಿತ್ತು. ‘ಪೀಣ್ಯದ ಕೆಲಸ ಬಿಟ್ಟಿದ್ದು ಯಾವಾಗ?’ ಅಂತ ಕೇಳಬೇಕು. ‘ಯುಗಾದಿಗೆ ಸ್ವಲ್ಪ ಮುಂಚೆ ಸರ್, ಹಬ್ಬಕ್ಕೆ ಊರಲ್ಲೇ ಇದ್ದೆ’ ಅಂತ ಉತ್ತರ ಬರಬಹುದು. 2021ರ ಯುಗಾದಿ ಏಪ್ರಿಲ್ 13. ಮಾರ್ಚ್ ಕೊನೆ ಅನ್ನೋದಕ್ಕೆ ಅದು ಸರಿಹೊಂದುತ್ತದೆ. ತಿಂಗಳು ನೆನಪಿಲ್ಲದವರಿಗೂ ಹಬ್ಬ ನೆನಪಿರುತ್ತದೆ.

ಇಂಥ ವ್ಯವಸ್ಥೆ ಸರಿಯಾಗಿ ಕೆಲಸ ಮಾಡುತ್ತಿದೆಯಾ ಅಂತ ತಿಳಿಯಲು ಕೆಂಪು ಗುರುತಿನ ಹಾಳೆಗಳನ್ನಷ್ಟೇ ನೋಡಿದರೆ ಸಾಲದು. ಹಸಿರು ಹಾಳೆಗಳಿಂದಲೂ ಒಂದಷ್ಟನ್ನು ಕಣ್ಣು ಮುಚ್ಚಿ ಎತ್ತಿಕೊಂಡು, ಪ್ರೊಫೈಲ್ ನೋಡದೆ ಇಬ್ಬರು ಬೇರೆ ಬೇರೆಯಾಗಿ ಮೂಲ ಹಾಳೆಯಿಂದ ಟೈಪ್ ಮಾಡಿ ಹೋಲಿಸಬೇಕು. ನೀಟಾಗಿ ಹೊಂದಿಕೊಂಡ ತಪ್ಪುಗಳು ಅಲ್ಲೇ ಸಿಗುವುದು. ಕೆಂಪು ಗುರುತುಗಳಲ್ಲಿ ಎಷ್ಟು ಓದಿನ ತಪ್ಪು, ಎಷ್ಟು ನಿಯಮದ ತಪ್ಪು, ಎಷ್ಟು ಬರೆದವರದ್ದು ಅಂತ ಬೇರೆ ಮಾಡಿ ಎಣಿಸಬೇಕು. ಅದರ ಲೆಕ್ಕ ಕೊಡದ ಮಾರಾಟಗಾರನ 99%ಗೆ ಬೆಲೆ ಕೊಡುವ ಅಗತ್ಯವಿಲ್ಲ. ಇಷ್ಟೆಲ್ಲ ಮಾಡಿದರೂ ಒಂದು ಮಿತಿ ಇದ್ದೇ ಇದೆ. ತಾರೀಕುಗಳನ್ನು ಚೆನ್ನಾಗಿ ಜೋಡಿಸಿ ಸುಳ್ಳು ಬರೆದವನು ಈ ತಪಾಸಣೆಯಲ್ಲಿ ಆರಾಮಾಗಿ ಪಾಸಾಗುತ್ತಾನೆ. ಸಿಕ್ಕಿಬೀಳುವುದು ಅವಸರದಲ್ಲಿ ಬರೆದವನು.

ಕಾನೂನು ಈ ಕಡೆ ತಿರುಗಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಕಾಗದಕ್ಕೆ ಅನ್ವಯಿಸುವುದಿಲ್ಲ, ಆದರೆ ಕಾಗದದ ಮಾಹಿತಿ ಡಿಜಿಟಲ್ ಆದ ಕ್ಷಣ ಅನ್ವಯಿಸುತ್ತದೆ. ಒಬ್ಬರ ಬಗ್ಗೆ ತೀರ್ಮಾನ ಮಾಡಲು ಬಳಸುವ ಮಾಹಿತಿ ಪೂರ್ಣವಾಗಿ, ನಿಖರವಾಗಿ, ಒಂದಕ್ಕೊಂದು ಹೊಂದುವಂತೆ ಇರಬೇಕು ಅಂತ ಅದರ 8ನೇ ಸೆಕ್ಷನ್ ಹೇಳುತ್ತದೆ. ಆ ಹೊಣೆ ಇರುವುದು ಮಾಹಿತಿ ಬಳಸುವ ಸಂಸ್ಥೆಯ ಮೇಲೆ, ಅರ್ಜಿ ಬರೆದವನ ಮೇಲಲ್ಲ. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಈ ಹೊಣೆಗಳಿಗೆ ಸಿದ್ಧವಾಗಲು 18 ತಿಂಗಳ ಕಾಲಾವಕಾಶ ಇದೆ. ಅಷ್ಟರೊಳಗೆ ಕಂಪನಿಗಳು ಮಾಡಬಹುದಾದ ಅಗ್ಗದ ಕೆಲಸ ಒಂದಿದೆ. ಸ್ಕ್ಯಾನ್ ಆದ ಮೇಲೆ ಯಂತ್ರ ಓದಿದ ತಾರೀಕುಗಳನ್ನು ಒಂದು ಚೀಟಿಯಲ್ಲಿ ಮುದ್ರಿಸಿ, ಸಂದರ್ಶನಕ್ಕೆ ಕೂತಿರುವವನ ಕೈಗೇ ಕೊಟ್ಟು, ತಪ್ಪಿದ್ದಲ್ಲಿ ಪೆನ್ನಿನಿಂದ ಸುತ್ತು ಹಾಕಿಸಿಕೊಳ್ಳುವುದು. ಎರಡು ನಿಮಿಷವೂ ಬೇಡ. ಆ ಚೀಟಿಯನ್ನೂ ಮೂಲ ಹಾಳೆಯ ಚಿತ್ರವನ್ನೂ ನೇಮಕಾತಿ ಮತ್ತು ಹಿನ್ನೆಲೆ ಪರಿಶೀಲನೆ ಎರಡೂ ಮುಗಿಯುವವರೆಗೆ ಇಟ್ಟುಕೊಳ್ಳಬೇಕು. ಆಯ್ಕೆಯಾಗದವರದ್ದನ್ನು ಕೆಲಸ ಮುಗಿದ ಮೇಲೆ ಅಳಿಸಬೇಕು.